ಮೈಕಿಗೆ ಒಗ್ಗುವ ಹೆಸರು

ಓಪನ್ ಮೈಕ್‌ನಲ್ಲಿ ಹೊಸಬರಿಗೆ ಸಿಗುವುದು ನಾಲ್ಕೈದು ನಿಮಿಷ. ಬೆಂಗಳೂರಿನ ಯಾವುದೋ ಕೆಫೆಯ ಮಹಡಿ, ಮೂವತ್ತು ನಲವತ್ತು ಕುರ್ಚಿ, ಒಂದು ಮೈಕು. ನಿರೂಪಕರ ಮೊಬೈಲಿನಲ್ಲಿ ಹತ್ತು ಹನ್ನೆರಡು ಹೆಸರುಗಳ ಪಟ್ಟಿ ಇರುತ್ತದೆ. ಹಿಂದಿನವರು ಇಳಿದು ಹೋದ ಮೇಲೆ ಅವರು ಒಂದೆರಡು ಮಾತಾಡಿ ಸಭೆಯನ್ನು ಬೆಚ್ಚಗಿಡುತ್ತಾರೆ, ಪರದೆಯ ಕಡೆ ಕಣ್ಣು ಹಾಯಿಸಿ ಮುಂದಿನ ಹೆಸರು ಕೂಗುತ್ತಾರೆ. ಆ ಹೆಸರು ಅವರ ನಾಲಿಗೆಯಲ್ಲಿ ತೊಡರಿತು ಎಂದಿಟ್ಟುಕೊಳ್ಳಿ. ಜನ ಚಪ್ಪಾಳೆ ಹೊಡೆಯಬೇಕೋ ಕಾಯಬೇಕೋ ತಿಳಿಯದೆ ಸುಮ್ಮನಾಗುತ್ತಾರೆ. ವೇದಿಕೆಗೆ ಬಂದವರು ಮೊದಲು ತಮ್ಮ ಹೆಸರನ್ನು ತಿದ್ದಿ ಹೇಳಬೇಕಾಗುತ್ತದೆ. ನಾಲ್ಕು ನಿಮಿಷದಲ್ಲಿ ಇಪ್ಪತ್ತು ಸೆಕೆಂಡು ಹೋಯಿತು, ಜೊತೆಗೆ ಮೊದಲ ನಗುವಿನ ಬಿಸಿಯೂ ಹೋಯಿತು.

ಸ್ಟ್ಯಾಂಡ್‌ಅಪ್‌ಗೆ ಇಳಿಯುವವರು ವೇದಿಕೆಯ ಹೆಸರನ್ನು ಯೋಚಿಸುವಾಗ ಸಾಮಾನ್ಯವಾಗಿ ಪೋಸ್ಟರನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ನಿರೂಪಕರ ಬಾಯಿಯನ್ನು ಮೊದಲು ನೆನೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೋಸ್ಟರಿನ ತಪ್ಪನ್ನು ವಿನ್ಯಾಸಕಾರರಿಗೆ ಹೇಳಿ ತಿದ್ದಿಸಬಹುದು. ಮೈಕಿನಲ್ಲಿ ತಪ್ಪಾಗಿ ಕೂಗಿದ ಹೆಸರನ್ನು ಆ ರಾತ್ರಿಯ ಮಟ್ಟಿಗೆ ಯಾರೂ ಹಿಂದಕ್ಕೆ ತರಲಾರರು.

ಅಮೆರಿಕದ ಮಿಂಡಿ ಕೇಲಿಂಗ್ ಅವರದು ಇದೇ ಕತೆ. ಅವರ ಪೂರ್ಣ ಹೆಸರು ವೀರಾ ಮಿಂಡಿ ಚೊಕ್ಕಲಿಂಗಂ. ತಂದೆ ತಮಿಳರು. ನಟಿ, ಬರಹಗಾರ್ತಿ ಎಂದು ಹೆಸರಾಗುವ ಮೊದಲು ಅವರು ನ್ಯೂಯಾರ್ಕಿನಲ್ಲಿ ಸ್ಟ್ಯಾಂಡ್‌ಅಪ್ ಮಾಡುತ್ತಿದ್ದರು. ಅಲ್ಲಿನ ನಿರೂಪಕರಿಗೆ ಚೊಕ್ಕಲಿಂಗಂ ಎನ್ನಲು ಬರುತ್ತಿರಲಿಲ್ಲ. ಕೆಲವರು ಅದನ್ನೇ ತಮಾಷೆ ಮಾಡಿ ನಗಿಸಿಬಿಡುತ್ತಿದ್ದರು. ಹಾಸ್ಯಗಾರ್ತಿ ಬಾಯಿ ತೆರೆಯುವ ಮೊದಲೇ ಅವರ ಹೆಸರಿನ ಮೇಲೆ ಬೇರೆಯವರು ನಗೆ ಎಬ್ಬಿಸಿದರೆ ಆ ಸಭೆಯನ್ನು ಮತ್ತೆ ತನ್ನದಾಗಿಸಿಕೊಳ್ಳುವುದು ಕಷ್ಟ. ಕೊನೆಗೆ ಅವರು ಆ ಉದ್ದ ಹೆಸರಿನ ನಡುವಿನ ತುಂಡನ್ನಷ್ಟೇ ಉಳಿಸಿಕೊಂಡು ಕೇಲಿಂಗ್ ಆದರು. ಹೊಸದಾಗಿ ಏನನ್ನೂ ಹುಟ್ಟಿಸಲಿಲ್ಲ, ಇದ್ದದ್ದರಲ್ಲೇ ಬಾಯಿಗೆ ಸಿಗುವ ಭಾಗವನ್ನು ಕತ್ತರಿಸಿಕೊಂಡರು ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಹೆಸರು ಕೂಗುವುದಕ್ಕೆ ಇನ್ನೊಂದು ತೊಡಕಿದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಈಗ ಇಂಥವರನ್ನು ವೇದಿಕೆಗೆ ಪ್ರೀತಿಯಿಂದ ಬರಮಾಡಿಕೊಳ್ಳೋಣ’ ಎಂದಾಗ ಹೆಸರು ವಾಕ್ಯದ ನಡುವೆ ಎಲ್ಲೋ ಬಂದು ಹೋಗಿರುತ್ತದೆ. ಜನ ಚಪ್ಪಾಳೆ ಹೊಡೆಯುವುದು ‘ಬರಮಾಡಿಕೊಳ್ಳೋಣ’ ಎಂಬುದಕ್ಕೆ, ಹೆಸರಿಗಲ್ಲ. ನುರಿತ ನಿರೂಪಕರು ಇದನ್ನು ಬಲ್ಲರು. ಅವರು ವಾಕ್ಯವನ್ನು ತಿರುಗಿಸಿ, ‘ಬರಮಾಡಿಕೊಳ್ಳೋಣ, ಜೋರಾದ ಚಪ್ಪಾಳೆ ಇರಲಿ…’ ಎಂದು ಮೊದಲು ಮುಗಿಸಿ, ಒಂದು ಉಸಿರು ಬಿಟ್ಟು, ಹೆಸರನ್ನು ಕೊನೆಗೆ ಎಸೆಯುತ್ತಾರೆ. ಹೊಸ ನಿರೂಪಕರು ಹಾಗೆ ಮಾಡುತ್ತಾರೆ ಎಂಬ ಭರವಸೆ ಇಲ್ಲ. ಆದ್ದರಿಂದ ಹೆಸರು ಎರಡೂ ಕಡೆ ನಿಲ್ಲಬೇಕು: ‘ಅವರನ್ನು’ ಎಂದು ಸೇರಿಸಿದಾಗಲೂ ಒಡೆಯಬಾರದು, ಒಂಟಿಯಾಗಿ ಕೂಗಿದಾಗಲೂ ಮುಗಿದಂತೆ ಕೇಳಬೇಕು.

ಈ ‘ಮುಗಿದಂತೆ ಕೇಳುವುದು’ ತುಂಬಾ ಮುಖ್ಯ. ಚಪ್ಪಾಳೆಯ ಸೂಚನೆ ಅದೇ. ಮೂರು ನಾಲ್ಕು ಭಾಗಗಳ ಹೆಸರಾದರೆ ಎರಡನೆಯ ಭಾಗಕ್ಕೇ ಕೆಲವರು ಚಪ್ಪಾಳೆ ಶುರುಮಾಡುತ್ತಾರೆ, ಉಳಿದದ್ದು ಆ ಸದ್ದಿನಲ್ಲಿ ಮುಳುಗುತ್ತದೆ. ಇನಿಷಿಯಲ್‌ಗಳ ಕಷ್ಟವೂ ಇದೇ. ಎಸ್. ಎಂ., ಕೆ. ವಿ., ಹೆಚ್. ಆರ್. ಎಂಬವು ಮಾರ್ಕ್ಸ್ ಕಾರ್ಡಿನಲ್ಲಿ ಚೆನ್ನ. ಮೈಕಿನಲ್ಲಿ ಅವು ಹಾಜರಿ ಪುಸ್ತಕದ ಕರೆಯಂತೆ ಕೇಳುತ್ತವೆ, ನಿಜವಾದ ಹೆಸರು ಬರುವಷ್ಟರಲ್ಲಿ ಕೂಗಿನ ಏರು ಇಳಿದಿರುತ್ತದೆ.

ಕನ್ನಡದ ಹಾಸ್ಯ ವೇದಿಕೆ ಇದಕ್ಕೆಲ್ಲ ತನ್ನದೇ ಆದ ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿದೆ. ಚಂದ್ರಶೇಖರ ಎಂಬ ಹೆಸರಿನ ಇಬ್ಬರು ನಟರನ್ನು ನೋಡಿ. ಒಬ್ಬರು 1980ರ ‘ಮುಖ್ಯಮಂತ್ರಿ’ ನಾಟಕದಿಂದ ಮುಖ್ಯಮಂತ್ರಿ ಚಂದ್ರು ಆದರು. ಇನ್ನೊಬ್ಬರು ದೂರದರ್ಶನದ ‘ಸಿಹಿಕಹಿ’ ಧಾರಾವಾಹಿಯಿಂದ ಸಿಹಿಕಹಿ ಚಂದ್ರು ಆದರು. ಇಬ್ಬರೂ ಚಂದ್ರುವೇ, ಆದರೂ ಇಷ್ಟು ವರ್ಷಗಳಲ್ಲಿ ಯಾರೂ ಒಬ್ಬರನ್ನು ಇನ್ನೊಬ್ಬರೆಂದು ತಿಳಿದಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿದ್ದವರು ಬ್ಯಾಂಕ್ ಜನಾರ್ದನ್ ಆದರು, ಬುಲೆಟ್ ಓಡಿಸುತ್ತಿದ್ದವರು ಬುಲೆಟ್ ಪ್ರಕಾಶ್ ಆದರು, ಅನುಕರಣೆಯಿಂದ ಹೆಸರು ಮಾಡಿದವರು ಮಿಮಿಕ್ರಿ ದಯಾನಂದ್ ಆದರು. ಹಿಂದಿಯ ಜಾನಿ ಲಿವರ್ ಕೂಡ ಇದೇ ದಾರಿಯವರು. ಜಾನ್ ಪ್ರಕಾಶ್ ರಾವ್ ಎಂಬ ಅವರು ಮುಂಬಯಿಯ ಹಿಂದೂಸ್ತಾನ್ ಲಿವರ್ ಕಾರ್ಖಾನೆಯಲ್ಲಿದ್ದಾಗ ಅಧಿಕಾರಿಗಳನ್ನು ಅನುಕರಿಸಿ ತೋರಿಸುತ್ತಿದ್ದರು. ಜೊತೆಗಾರರೇ ಕಂಪನಿಯ ಹೆಸರನ್ನು ಅವರಿಗೆ ಅಂಟಿಸಿದರು.

ಈ ಮುಂಪದದ ಪದ್ಧತಿಯನ್ನು ಹಳೇ ಕಾಲದ್ದೆಂದು ಇಂದಿನ ಹುಡುಗರು ಬದಿಗೆ ಸರಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಮೈಕಿನಲ್ಲಿ ಅದು ಮಾಡುವ ಕೆಲಸ ದೊಡ್ಡದು. ‘ಗಂಗಾವತಿ…’ ಎಂದ ತಕ್ಷಣ ಸಭೆ ಸಿದ್ಧವಾಗುತ್ತದೆ, ‘ಪ್ರಾಣೇಶ್’ ಎಂಬಲ್ಲಿ ಚಪ್ಪಾಳೆ ಬೀಳುತ್ತದೆ. ಮೊದಲ ಪದ ಎಚ್ಚರಿಸುತ್ತದೆ, ಎರಡನೆಯದು ಇಳಿಯುತ್ತದೆ. ಚಪ್ಪಾಳೆ ಬೇಗ ಬಂದು ಎರಡನೆಯ ಪದ ಮುಳುಗಿದರೂ ನಷ್ಟವಿಲ್ಲ, ಯಾರೆಂದು ಅಷ್ಟರಲ್ಲಿ ಗೊತ್ತಾಗಿರುತ್ತದೆ. ಪ್ರಾಣೇಶ್ ಅವರ ವಿಷಯದಲ್ಲಿ ಊರಿನ ಹೆಸರು ಇನ್ನೂ ಒಂದು ಉಪಕಾರ ಮಾಡಿದೆ. ಕೊಪ್ಪಳ ಸೀಮೆಯ ಊರಿನ ಹೆಸರು ಕಿವಿಗೆ ಬಿದ್ದಾಗಲೇ ಕೇಳುಗರು ಉತ್ತರ ಕರ್ನಾಟಕದ ಮಾತಿನ ಧಾಟಿಗೆ ಕಿವಿಗೊಟ್ಟು ಕೂತಿರುತ್ತಾರೆ.

ಊರಿನ ಹೆಸರಿಗೂ ಅಡ್ಡಹೆಸರಿಗೂ ಇಲ್ಲಿ ವ್ಯತ್ಯಾಸವಿದೆ. ನಮ್ಮಲ್ಲಿ ಅನೇಕ ಅಡ್ಡಹೆಸರುಗಳು ಜಾತಿಯನ್ನು ಹೇಳಿಬಿಡುತ್ತವೆ. ಹಾಸ್ಯಗಾರರು ಬಾಯಿಬಿಡುವ ಮೊದಲೇ ಸಭೆಯಲ್ಲಿ ಒಂದು ಲೆಕ್ಕಾಚಾರ ನಡೆದಿರುತ್ತದೆ. ಯಾವ ಮನೆಯ ಊಟ, ಯಾವ ಬಗೆಯ ಮಾತು, ಯಾರನ್ನು ಗೇಲಿ ಮಾಡಬಹುದು, ಮಾಡಬಾರದು ಎಂಬುದು ಕೂಡ. ಕೆಲವರು ಅದನ್ನೇ ತಮ್ಮ ವಸ್ತುವಾಗಿಸಿಕೊಳ್ಳುತ್ತಾರೆ, ಅವರಿಗೆ ಅಡ್ಡಹೆಸರು ಬೇಕು. ಆ ವಿಷಯವನ್ನು ಮುಟ್ಟುವ ಇಚ್ಛೆಯಿಲ್ಲದವರು ಅದನ್ನು ಹೊತ್ತು ವೇದಿಕೆ ಏರಬೇಕಾಗಿಲ್ಲ. ಊರು ಯಾರ ಜಾತಿಯನ್ನೂ ಹೇಳುವುದಿಲ್ಲ, ಆದರೂ ಬೇರನ್ನು ತೋರಿಸುತ್ತದೆ.

ಮುಂಪದಕ್ಕೆ ಮಿತಿಯೂ ಇದೆ. ಒಂದು ಕಾರ್ಯಕ್ರಮದಿಂದ, ಒಂದು ವೈರಲ್ ವಿಡಿಯೊದಿಂದ ಬಂದ ಪದವಾದರೆ, ಅದನ್ನು ನೋಡದವರ ಮುಂದೆ ಅದು ಬರಿಯ ಶಬ್ದ. ‘ಮುಖ್ಯಮಂತ್ರಿ’ ಬಾಳಿದ್ದಕ್ಕೆ ಕಾರಣ ಆ ನಾಟಕ ನೂರಾರು ಸಲ ರಂಗವೇರಿದ್ದು, ಜೊತೆಗೆ ನಾಟಕ ನೋಡದವರಿಗೂ ಆ ಪದದ ಅರ್ಥ ಗೊತ್ತಿದ್ದದ್ದು. ಇನ್ನೊಂದು, ತಮಾಷೆಯ ಮುಂಪದಗಳ ಹಾವಳಿ. ಶ್ಲೇಷೆ ಮಾಡಿ ಕಟ್ಟಿದ ಹೆಸರು ಮೊದಲ ದಿನ ನಗಿಸುತ್ತದೆ. ಆ ನಗು ನಿರೂಪಕರ ಪಾಲಾಗುತ್ತದೆ, ನಿಮ್ಮದಾಗುವುದಿಲ್ಲ. ಹತ್ತನೆಯ ಸಲ ಕೇಳಿದವರಿಗೆ ಅದು ಹಳಸಲು. ಅಮೆರಿಕದ ಡೇನಿಯಲ್ ವಿಟ್ನಿ ‘ಲ್ಯಾರಿ ದ ಕೇಬಲ್ ಗೈ’ ಎಂಬ ಹೆಸರಿನಲ್ಲಿ ಗೆದ್ದರು ನಿಜ. ಅದು ಬರಿಯ ಹೆಸರಾಗಿರಲಿಲ್ಲ, ತೋಳಿಲ್ಲದ ಅಂಗಿ, ಹಳ್ಳಿಯ ಉಚ್ಚಾರ ಎಲ್ಲ ಸೇರಿದ ಒಂದು ಪಾತ್ರವಾಗಿತ್ತು. ಪ್ರತಿ ಪ್ರದರ್ಶನಕ್ಕೂ ಆ ಪಾತ್ರವಾಗಿಯೇ ಬರಲು ಸಿದ್ಧರಿದ್ದರೆ ಮಾತ್ರ ಅಂಥ ಹೆಸರು ಇಟ್ಟುಕೊಳ್ಳಬೇಕು.

ಇನ್ನು ಪೋಸ್ಟರಿಗೆ ಬರೋಣ. ಇಂದು ಗೋಡೆಯ ಮೇಲಿನ ಪೋಸ್ಟರಿಗಿಂತ ಮೊದಲು ಜನ ನೋಡುವುದು ಇನ್‌ಸ್ಟಾಗ್ರಾಮಿನದು. ಅದರ ಅಗಲ 1080 ಪಿಕ್ಸೆಲ್, ಆದರೆ ಕೈಯಲ್ಲಿ ಹಿಡಿದ ಫೋನಿನಲ್ಲಿ ಆರೂವರೆ ಏಳು ಸೆಂಟಿಮೀಟರ್ ಅಷ್ಟೇ. ಆರು ಜನ ಹಾಸ್ಯಗಾರರ ಕಾರ್ಯಕ್ರಮವಾದರೆ ಸಾಲಿಗೆ ಮೂರು ಮುಖ, ಒಬ್ಬೊಬ್ಬರ ಹೆಸರಿಗೆ ಸಿಗುವುದು ಸುಮಾರು ಎರಡು ಸೆಂಟಿಮೀಟರ್. ವಿನ್ಯಾಸಕಾರರು ಎಲ್ಲ ಹೆಸರಿಗೂ ಒಂದೇ ಅಳತೆಯ ಅಕ್ಷರ ಇಡಬೇಕು, ಇಲ್ಲದಿದ್ದರೆ ಒಬ್ಬರು ದೊಡ್ಡವರು ಒಬ್ಬರು ಸಣ್ಣವರು ಎಂಬಂತಾಗುತ್ತದೆ. ಆ ಅಳತೆಯನ್ನು ನಿರ್ಧರಿಸುವುದು ಗುಂಪಿನ ಅತ್ಯಂತ ಉದ್ದದ ಹೆಸರು. ಹೀಗಾಗಿ ಒಬ್ಬರ ಉದ್ದ ಹೆಸರಿನಿಂದ ಉಳಿದ ಐವರ ಹೆಸರೂ ಕುಗ್ಗುತ್ತದೆ; ಅಥವಾ ಆ ಒಬ್ಬರ ಹೆಸರನ್ನು ವಿನ್ಯಾಸಕಾರರೇ ತಮಗೆ ತೋಚಿದಂತೆ ಮೊಟಕುಮಾಡುತ್ತಾರೆ. ನಿಮ್ಮ ಹೆಸರು ನಾಲ್ಕು ಪೋಸ್ಟರಿನಲ್ಲಿ ನಾಲ್ಕು ರೂಪದಲ್ಲಿ ಬಂದಿದ್ದರೆ ಕಾರಣ ಇದೇ ಎಂದು ತಿಳಿಯಿರಿ.

ಕನ್ನಡ ಲಿಪಿಯ ಪೋಸ್ಟರಿಗೆ ಬೇರೆಯದೇ ಸಮಸ್ಯೆ. ನಮ್ಮ ಲಿಪಿ ಅಡ್ಡಕ್ಕೆ ಹರಿಯುವುದರ ಜೊತೆಗೆ ಕೆಳಕ್ಕೂ ಇಳಿಯುತ್ತದೆ. ಒಂದು ಒತ್ತು ಇದ್ದರೆ ಏನೂ ತೊಂದರೆಯಿಲ್ಲ, ಪ್ರಾಣೇಶ್, ಚಂದ್ರು ಎಲ್ಲರಿಗೂ ಅದು ಇದೆ. ಒತ್ತಿನ ಮೇಲೆ ಒತ್ತು ಬಂದಾಗ ಕೆಳಗಿನ ಸಾಲನ್ನು ಅದು ತಿವಿಯುತ್ತದೆ. ಸಾಲಿನ ನಡುವೆ ಜಾಗ ಹೆಚ್ಚಿಸಬೇಕು, ಜಾಗ ಹೆಚ್ಚಿಸಿದರೆ ಅಕ್ಷರ ಸಣ್ಣದಾಗಬೇಕು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಆಯ್ಕೆಯನ್ನು ಬದಲಾಯಿಸದೆ ಕನ್ನಡ ಅಂಟಿಸಿದರೆ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡ ಓದಲು ಬಾರದ ವಿನ್ಯಾಸಕಾರರಿಗೆ ಅದು ತಪ್ಪೆಂದು ಗೊತ್ತಾಗುವುದಿಲ್ಲ, ಹಾಗೇ ಅಚ್ಚಾಗುತ್ತದೆ. ಹೆಸರಿನಲ್ಲಿ ಒತ್ತಕ್ಷರವಿರುವವರು ಅದನ್ನು ಟೈಪು ಮಾಡಿ ಕಳಿಸುವುದರ ಜೊತೆಗೆ ಸರಿಯಾಗಿ ಮೂಡಿದ ಒಂದು ಚಿತ್ರವನ್ನೂ ಕಳಿಸಿಕೊಡಬೇಕು. ಈ ಒಂದು ಅಭ್ಯಾಸ ಬಹಳ ಅವಮಾನ ತಪ್ಪಿಸುತ್ತದೆ.

ಇದನ್ನೆಲ್ಲ ಒಂದು ಹೆಸರಿಗೆ ಹಚ್ಚಿ ನೋಡೋಣ. ತಿಪಟೂರಿನ ಒಬ್ಬ ಹುಡುಗ ಇದ್ದಾನೆ ಎಂದು ಕಲ್ಪಿಸಿಕೊಳ್ಳಿ. ದಾಖಲೆಗಳಲ್ಲಿ ಅವನ ಹೆಸರು ಎಸ್. ಎಂ. ಲಕ್ಷ್ಮೀನಾರಾಯಣ. ಕನ್ನಡದಲ್ಲೂ ಹಾಸ್ಯ ಮಾಡುತ್ತಾನೆ, ಬೆಂಗಳೂರಿನ ಇಂಗ್ಲಿಷ್ ವೇದಿಕೆಗಳಿಗೂ ಹೋಗುತ್ತಾನೆ.

ಇನಿಷಿಯಲ್ ಮೊದಲು ಬಿಡಬೇಕು, ಕಾರಣ ಆಗಲೇ ಹೇಳಿದೆ. ಉಳಿದ ‘ಲಕ್ಷ್ಮೀ’ಯಲ್ಲಿ ಕಕಾರಕ್ಕೆ ಷಕಾರದ ಒತ್ತು, ಅದಕ್ಕೆ ಮಕಾರದ ಒತ್ತು, ಮೇಲೆ ದೀರ್ಘ. ಪೋಸ್ಟರಿನಲ್ಲಿ ಒಡೆಯಲು ಇದಕ್ಕಿಂತ ಸುಲಭದ ಅಕ್ಷರ ಸಿಗಲಾರದು. ಇಂಗ್ಲಿಷ್ ಲಿಪಿಯಲ್ಲಿ Lakshminarayana ಎಂದರೆ ಹದಿನೈದು ಅಕ್ಷರ. ಎರಡು ಸೆಂಟಿಮೀಟರಿನಲ್ಲಿ ಒಂದೊಂದಕ್ಕೆ ಸಿಗುವುದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದಕ್ಕಿಂತ ದೊಡ್ಡ ತೊಂದರೆ ಕಾಗುಣಿತದ್ದು. ಕಾರ್ಯಕ್ರಮ ಮೆಚ್ಚಿದವರು ಮನೆಗೆ ಹೋಗಿ ಹುಡುಕುವಾಗ Laxminarayan ಎಂದೂ, Lakshmi Narayana ಎಂದೂ, Lakshminarayan ಎಂದೂ ಬರೆಯುತ್ತಾರೆ. ಪ್ರತಿಯೊಂದಕ್ಕೂ ನೂರಾರು ಬೇರೆ ಜನ ಸಿಗುತ್ತಾರೆ, ಇವನೊಬ್ಬ ಸಿಗುವುದಿಲ್ಲ.

‘ಲಕ್ಷ್ಮೀ’ ಎಂದಷ್ಟೇ ಇಟ್ಟರೆ ಸಭೆ ಹೆಣ್ಣುಮಗಳನ್ನು ನಿರೀಕ್ಷಿಸುತ್ತದೆ. ‘ನಾರಾಯಣ’ ಗಂಭೀರವಾದ, ಚೆಂದದ ಹೆಸರು, ಆದರೆ ಒಂಟಿಯಾಗಿ ತೀರಾ ಸಾಮಾನ್ಯ. ಮನೆಯಲ್ಲಿ ಅವನನ್ನು ಏನೆಂದು ಕರೆಯುತ್ತಾರೆ? ಹಳೇ ಮೈಸೂರಿನ ಕಡೆ ನಾರಾಯಣರೆಲ್ಲ ನಾಣಿಗಳೇ. ನಾಣಿ ಎಂಬುದು ಎರಡು ಅಕ್ಷರ, ಮೊದಲನೆಯದು ದೀರ್ಘ, ಎಷ್ಟು ಎಳೆದು ಕೂಗಿದರೂ ಕೂಗಬಹುದು, ಕೇಳಿದವರ ಮುಖದಲ್ಲಿ ಸಣ್ಣ ಸಲಿಗೆ ಮೂಡುತ್ತದೆ. ಅದರ ಮುಂದೆ ಊರು ಸೇರಿಸಿದರೆ ‘ತಿಪಟೂರು ನಾಣಿ’. ಕನ್ನಡದಲ್ಲಿ ಬರೆದು ನೋಡಿದರೆ ಒಂದೇ ಒಂದು ಒತ್ತಕ್ಷರವಿಲ್ಲ. ಎರಡು ಸಾಲಾಗಿ ಒಡೆದು, ಮೇಲೆ ಊರನ್ನು ಸಣ್ಣದಾಗಿ, ಕೆಳಗೆ ನಾಣಿಯನ್ನು ಅದರ ಎರಡರಷ್ಟು ದೊಡ್ಡದಾಗಿ ಇಡಬಹುದು. ಪೋಸ್ಟರು ಮಾಡುವವರಿಗೆ ಇಂಥ ಹೆಸರು ಸಿಕ್ಕರೆ ಖುಷಿಯಾಗುತ್ತದೆ. ಇಂಗ್ಲಿಷ್ ಲಿಪಿಯಲ್ಲೂ ಆರು ಅಕ್ಷರ ಒಂದು ಸಾಲು, ನಾಲ್ಕೈದು ಇನ್ನೊಂದು ಸಾಲು. ಒಂದೊಂದಕ್ಕೆ ಮೂರು ಮಿಲಿಮೀಟರ್ ಜಾಗ, ಅಂದರೆ ಮೊದಲಿಗಿಂತ ಎರಡರಷ್ಟಕ್ಕೂ ಮಿಗಿಲು.

ಮೈಕಿನ ಪರೀಕ್ಷೆ ಇನ್ನು ಬಾಕಿ. ಅವನನ್ನು ಬಲ್ಲದ ಯಾರಿಗಾದರೂ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು, ಉಚ್ಚಾರ ಹೇಳಿಕೊಡದೆ, ಕೋಣೆಯ ಆಚೆ ತುದಿಯಿಂದ ಕೂಗಲು ಹೇಳಬೇಕು. ಕನ್ನಡದ ಚೀಟಿ ಓದಿದವರು ತಡವರಿಸುವುದಿಲ್ಲ. ‘ತಿಪಟೂರು ನಾಣಿಯವರನ್ನು ಬರಮಾಡಿಕೊಳ್ಳೋಣ’ ಎಂಬುದೂ ಸಲೀಸು, ಕೊನೆಗೆ ಒಂಟಿಯಾಗಿ ‘ತಿಪಟೂರು ನಾಣಿ!’ ಎಂದರೂ ಸರಿ. ತೊಡಕು ಇಂಗ್ಲಿಷ್ ಚೀಟಿಯಲ್ಲಿದೆ. Nani ಎಂದು ಬರೆದರೆ ಕನ್ನಡೇತರ ನಿರೂಪಕರು ‘ನಾನಿ’ ಎನ್ನುತ್ತಾರೆ. ಹಿಂದಿಯಲ್ಲಿ ಅದು ಅಮ್ಮನ ತಾಯಿ. ಇಪ್ಪತ್ತೈದರ ಹುಡುಗ ವೇದಿಕೆ ಹತ್ತಿದಾಗ ಬೇಡದ ನಗು ಏಳುತ್ತದೆ. ಹುಡುಕಲು ಹೋದರೆ ಅದೇ ಹೆಸರಿನ ತೆಲುಗು ಚಿತ್ರನಟರೇ ಪುಟದ ತುಂಬ ಬರುತ್ತಾರೆ. Naani ಎಂದು ಎರಡು a ಇಟ್ಟರೆ ಹುಡುಕಾಟದ ಕಷ್ಟ ಸ್ವಲ್ಪ ತಗ್ಗುತ್ತದೆ, ಊರಿನ ಹೆಸರು ಜೊತೆಗಿರುವುದರಿಂದ ಇನ್ನೂ ತಗ್ಗುತ್ತದೆ. ಅಜ್ಜಿಯ ಅರ್ಥ ಮಾತ್ರ ಹೋಗುವುದಿಲ್ಲ.

ಇಲ್ಲಿ ಅವನು ತನ್ನ ಮುಖ್ಯ ವೇದಿಕೆ ಯಾವುದೆಂದು ನಿರ್ಧರಿಸಬೇಕು. ತುಮಕೂರು, ಮೈಸೂರು, ಶಿವಮೊಗ್ಗ, ಬೆಂಗಳೂರಿನ ಕನ್ನಡ ಕಾರ್ಯಕ್ರಮಗಳೇ ಬದುಕು ಎಂದಾದರೆ ‘ತಿಪಟೂರು ನಾಣಿ’ಗಿಂತ ಒಳ್ಳೆಯದು ಬೇಡ. ಮುಂಬಯಿ, ದೆಹಲಿಯ ಕ್ಲಬ್ಬುಗಳ ಕಡೆ ಮನಸ್ಸಿದ್ದರೆ ಊರನ್ನು ಹಿಂದಕ್ಕೆ ತಂದು ‘ನಾರಾಯಣ್ ತಿಪಟೂರು’ ಎನ್ನುವುದು ಉತ್ತಮ. ನಾರಾಯಣ್ ಎಂಬುದನ್ನು ದೇಶದ ಯಾವ ಮೂಲೆಯ ನಿರೂಪಕರೂ ಸರಿಯಾಗಿ ಹೇಳುತ್ತಾರೆ, ಊರು ಅಡ್ಡಹೆಸರಿನ ಜಾಗದಲ್ಲಿ ನಿಂತು ಅವನನ್ನು ಇತರ ನಾರಾಯಣರಿಂದ ಬೇರೆ ಮಾಡುತ್ತದೆ. ಎರಡು ಕಡೆ ಎರಡು ಹೆಸರು ಇಟ್ಟುಕೊಳ್ಳುತ್ತೇನೆ ಎಂಬ ಯೋಚನೆ ಬಂದರೆ ನಾನು ಬೇಡ ಎನ್ನುತ್ತೇನೆ. ಕನ್ನಡದ ವಿಡಿಯೊ ನೋಡಿ ಮೆಚ್ಚಿದವರು ಇಂಗ್ಲಿಷ್ ಕಾರ್ಯಕ್ರಮದ ಟಿಕೆಟ್ ಪಟ್ಟಿಯಲ್ಲಿ ಅವನನ್ನು ಗುರುತಿಸುವುದಿಲ್ಲ. ಗಳಿಸಿದ ಪರಿಚಯ ಎರಡು ಹೋಳಾಗುತ್ತದೆ.

ಹೆಸರು ಗೊತ್ತಾದ ಮೇಲೆ ಒಂದು ವಾರವಾದರೂ ಅದನ್ನು ಪೋಸ್ಟರಿಗೆ ಕೊಡದೆ ಓಪನ್ ಮೈಕ್‌ನ ಪಟ್ಟಿಗಳಲ್ಲಷ್ಟೇ ಬರೆಸಬೇಕು. ಬೇರೆ ಬೇರೆ ನಿರೂಪಕರು ಅದನ್ನು ಹೇಗೆ ಓದುತ್ತಾರೆ ಎಂದು ಹಿಂದೆ ನಿಂತು ಕೇಳಬೇಕು. ಒಬ್ಬರು ತಪ್ಪಿದರೆ ಅದು ಅವರ ತಪ್ಪು, ಮೂವರು ಒಂದೇ ಜಾಗದಲ್ಲಿ ತಪ್ಪಿದರೆ ಹೆಸರಿನ ತಪ್ಪು. ಆಗ ಕಾಗುಣಿತ ಬದಲಿಸಲು ಇನ್ನೂ ಸಮಯವಿರುತ್ತದೆ. ಇನ್‌ಸ್ಟಾಗ್ರಾಮಿನ ವಿಳಾಸ ಇಂಗ್ಲಿಷ್ ಲಿಪಿಯಲ್ಲೇ ಇರಬೇಕಾದ್ದರಿಂದ ಅಂತಿಮ ಕಾಗುಣಿತ ಗಟ್ಟಿಯಾದ ದಿನವೇ tipturnaani ಎಂಬಂತೆ, ನಡುವೆ ಚುಕ್ಕಿ, ಗೆರೆ, ಅಂಕಿ ಇಲ್ಲದೆ ಅದನ್ನು ಪಡೆದುಕೊಳ್ಳಬೇಕು. ಮೈಕಿನಲ್ಲಿ ನಿರೂಪಕರು ‘ಅಂಡರ್‌ಸ್ಕೋರ್’ ಎನ್ನಬೇಕಾಗಿ ಬಂದರೆ ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕನ್ನಡ ಲಿಪಿಯ ಹೆಸರನ್ನು ಅದರ ಕೆಳಗಿನ ಪ್ರದರ್ಶನದ ಹೆಸರಾಗಿ ಹಾಕಬಹುದು.

ವೇದಿಕೆಯ ಹೆಸರಿಗಾಗಿ ದಾಖಲೆಗಳನ್ನು ಬದಲಾಯಿಸಬೇಕಾಗಿಲ್ಲ. ಸಂಭಾವನೆಯ ಬಿಲ್ಲು, ಪ್ಯಾನ್, ಬ್ಯಾಂಕ್ ಖಾತೆ, ವಿಮಾನದ ಟಿಕೆಟ್ ಎಲ್ಲ ಲಕ್ಷ್ಮೀನಾರಾಯಣನ ಹೆಸರಿನಲ್ಲೇ ಇರಲಿ. ಆದರೆ ಸಂಘಟಕರಿಗೆ ಮೊದಲ ಸಂದೇಶದಲ್ಲೇ ಎರಡನ್ನೂ ಬರೆದು ಯಾವುದು ಯಾವುದಕ್ಕೆ ಎಂದು ತಿಳಿಸಬೇಕು. ಇಲ್ಲದಿದ್ದರೆ ಹೋಟೆಲಿನ ಕೋಣೆ ನಾಣಿಯ ಹೆಸರಿನಲ್ಲಿ ಕಾದಿರುತ್ತದೆ, ಕೈಯಲ್ಲಿರುವ ಆಧಾರ್ ಕಾರ್ಡು ಬೇರೆ ಹೆಸರು ಹೇಳುತ್ತದೆ, ಪೋಸ್ಟರಿನಲ್ಲಿ ಎಸ್. ಎಂ. ಲಕ್ಷ್ಮೀನಾರಾಯಣ ಎಂದು ಅಚ್ಚಾಗಿರುತ್ತದೆ.